ಅಕ್ಕಾ, ಗಿರಣಿ ಕೆಲಸಕ್ಕೆ ಬರೆದ ಅರ್ಜಿ ಪತ್ರ ತಿದ್ದಿದ್ದೇನೆ, ಇಲ್ಲಿದೆ

ಅಕ್ಕಾ, ನೀವು ಹೇಳಿದ್ದು ಸರಿ. "ಗಿರಣಿ ಅನ್ನೋ ಪದ ತೆಗೆದು ಬ್ಯಾಂಕ್ ಅಂತ ಹಾಕಿದರೂ ಈ ಪತ್ರ ನಡೀತದೆ" ಅಂದಿರಲ್ಲ, ರಾತ್ರಿ ಹಾಗೇ ಹಾಕಿ ಓದಿದೆ. ನಿಜಕ್ಕೂ ನಡೀತು! "ತಮ್ಮ ಪ್ರತಿಷ್ಠಿತ ಸಂಸ್ಥೆ", "ಶ್ರಮಜೀವಿ" ಎಲ್ಲಾ ಕಿತ್ತು ಹಾಕಿದ್ದೇನೆ. ಅಪ್ಪನ ಜೊತೆ ಭತ್ತ ಹಾಕೋಕೆ ಹೋದ ದಿನದ್ದನ್ನು ಬರೆದೆ. ತೇವಾಂಶ 18 ಬಂದ ವಿಷಯ ಜಾಸ್ತಿ ಆಯ್ತಾ, ನೋಡಿ ಹೇಳಿ. ನಾಳೆ ಬೆಳಿಗ್ಗೆ ಕೈಯಾರೆ ಕೊಟ್ಟು ಬರುತ್ತೇನೆ.

ಗೆ,
ಮಾಲೀಕರು, ಅಕ್ಕಿ ಗಿರಣಿ,
ಕನಕಗಿರಿ ರಸ್ತೆ, ಗಂಗಾವತಿ

ವಿಷಯ: ಭತ್ತದ ಗುಣಮಟ್ಟ ನೋಡುವ ಸಹಾಯಕನ ಕೆಲಸಕ್ಕೆ ಅರ್ಜಿ

ಮಾನ್ಯರೇ,

ಕಳೆದ ಡಿಸೆಂಬರ್‌ನಲ್ಲಿ ನಮ್ಮ ಹೊಲದ ಸೋನಾ ಮಸೂರಿ ತಂದು ನಿಮ್ಮ ಗಿರಣಿಗೆ ಹಾಕಿದೆವು. ನಿಮ್ಮ ಹುಡುಗರು ಮೇಲಿನ ಚೀಲ ಮಾತ್ರ ನೋಡಲಿಲ್ಲ. ಟ್ರ್ಯಾಕ್ಟರಿನಲ್ಲಿ ತಳಕ್ಕಿದ್ದ ಚೀಲಗಳಿಗೂ ಕೊಳವೆ ಚುಚ್ಚಿ ಕಾಳು ತೆಗೆದರು. ಯಂತ್ರ ತೇವಾಂಶ ಶೇ. 18 ತೋರಿಸಿತು. ಅಪ್ಪ ಗೊಣಗಿದರು. ಆಗ ನಿಮ್ಮವರು ಯಂತ್ರವನ್ನೇ ಅವರ ಕಡೆ ತಿರುಗಿಸಿ, ಅದೇ ಕಾಳನ್ನು ಎರಡನೇ ಸಲ ಅಳೆದು ತೋರಿಸಿದರು. ಅಪ್ಪ ಸುಮ್ಮನಾದರು. ನಮ್ಮಪ್ಪ ಸುಮ್ಮನಾಗುವುದು ಸುಮ್ನೆ ಮಾತಲ್ಲ.

ಆವತ್ತೇ ಅಂಗಳದ ಇನ್ನೊಂದು ರಾಶಿಯಿಂದ ಒಬ್ಬರು ಹಿಡಿ ಭತ್ತ ತಗೊಂಡು, ಅಂಗೈಯಲ್ಲಿ ಉಜ್ಜಿ, ಹೊಟ್ಟು ಊದಿ, ಅಕ್ಕಿಯನ್ನು ಬಿಸಿಲಿಗೆ ಹಿಡಿದರು. ಕಾಳಿನ ನಡುವೆ ಸಣ್ಣ ಬಿರುಕು ಕಂಡಿತು. ಡಾಂಬರು ರಸ್ತೆಯ ಮೇಲೆ ಬಿರುಬಿಸಿಲಿಗೆ ಗಡಿಬಿಡಿಯಲ್ಲಿ ಒಣಗಿಸಿದ ಭತ್ತ ಅದು. ಪಾಲಿಶ್ ಆಗುವಾಗ ಮುರಿದು ನುಚ್ಚು ಜಾಸ್ತಿ ಬರುತ್ತದೆ. ಹಸಿ ಇದ್ದರೂ ತೊಂದರೆ, ಗೋದಾಮಿನಲ್ಲಿ ಬಿಸಿಯಾಗಿ ಕಾಳು ಹಳದಿಯಾಗುತ್ತದೆ. ಸಾರ್ಟೆಕ್ಸ್ ಯಂತ್ರ ಹಳದಿ ಕಾಳನ್ನು ಆಯ್ದು ತೆಗೆಯುತ್ತದೆ, ಆದರೆ ಆ ನಷ್ಟ ನಿಮ್ಮದೇ ಅಲ್ವಾ? ಅಂಥ ಭತ್ತವನ್ನು ಗೇಟಿನಲ್ಲೇ ಹಿಡಿಯುವ ಕೆಲಸ ನನಗೆ ಬೇಕು.

ನಾನು ಬಿ.ಎಸ್ಸಿ. ಮುಗಿಸಿದ್ದೇನೆ. ಎರಡು ವರ್ಷ ಕಾರಟಗಿಯ ಬೀಜ-ಗೊಬ್ಬರದ ಅಂಗಡಿಯಲ್ಲಿ ಸ್ಟಾಕ್ ಮತ್ತು ಬಿಲ್ ನೋಡಿಕೊಂಡೆ. ಟ್ಯಾಲಿ ಬರುತ್ತದೆ. ಗಿರಣಿಯ ಯಂತ್ರಗಳ ಮೇಲೆ ಕೆಲಸ ಮಾಡಿದ ಅನುಭವ ಇಲ್ಲ, ಅದನ್ನು ಕಲಿಯಬೇಕು. ಆದರೆ 75 ಕೆ.ಜಿ. ಚೀಲದ ಲೆಕ್ಕ, ರೈತರು ಯಾಕೆ ಸಿಟ್ಟಾಗುತ್ತಾರೆ ಅನ್ನುವುದು, ಎರಡೂ ಮನೆಯಲ್ಲೇ ಕಲಿತಿದ್ದೇನೆ.

ಕೊಯ್ಲಿನ ದಿನಗಳಲ್ಲಿ ರಾತ್ರಿಯೂ ಟ್ರ್ಯಾಕ್ಟರು ಸಾಲುಗಟ್ಟಿ ನಿಲ್ಲುವುದನ್ನು ನೋಡಿದ್ದೇನೆ. ರಾತ್ರಿ ಪಾಳಿಗೂ ಬರುತ್ತೇನೆ. ಒಂದು ದಿನ ಗೇಟಿನಲ್ಲಿ ನಿಲ್ಲಿಸಿ, ನಾಲ್ಕು ಲೋಡು ನನ್ನ ಕೈಲಿ ನೋಡಿಸಿ, ಆಮೇಲೆ ನಿರ್ಧರಿಸಿದರೂ ಆಯಿತು.

ತಮ್ಮ ವಿಶ್ವಾಸಿ,
ಮಂಜುನಾಥ, ಕಾರಟಗಿ