ಶಿರಾಡಿ ಘಾಟಿ ಬಂದ್ ಆಗಿದೆ, ನಾಳೆ ಚಾರ್ಮಾಡಿ ಮೇಲೆ ಹೋಗ್ತೀವಿ, ದಯವಿಟ್ಟು ಮಲಗೋ ಮುಂಚೆ ಪೂರ್ತಿ ಓದಿ

ಹಾಸನ, ಬುಧವಾರ ರಾತ್ರಿ 9.40

ಎಲ್ಲರಿಗೂ ನಮಸ್ಕಾರ,

ಊಟ ಆಗಿ ಎಲ್ರೂ ರೂಮಿಗೆ ಹೋಗಿದೀರ, ಹಿರಿಯರು ಕೆಲವರು ಆಗ್ಲೇ ಮಲಗಿರ್ತೀರ ಅಂತ ಗೊತ್ತು, ಅದಕ್ಕೇ ಬಾಗಿಲು ತಟ್ಟದೆ ಗ್ರೂಪಲ್ಲಿ ಹಾಕ್ತಾ ಇದೀನಿ. ವಾಟ್ಸಾಪ್ ನೋಡದೆ ಇರೋರಿಗೆ ಇದನ್ನೇ ಪ್ರಿಂಟ್ ತೆಗೆದು ರೂಮ್ ಬಾಗಿಲ ಕೆಳಗೆ ಹಾಕಿಸ್ತೀನಿ.

ವಿಷಯ ಏನಂದ್ರೆ, ಇವತ್ತು ಮಧ್ಯಾಹ್ನ ಸಕಲೇಶಪುರದ ಆಚೆ, ದೋಣಿಗಲ್ ದಾಟಿ ಮಾರನಹಳ್ಳಿ ಕಡೆ ಹೋಗುವಾಗ ಗುಡ್ಡ ಕುಸಿದು ಮಣ್ಣು, ಮರ ಎಲ್ಲಾ ರಸ್ತೆ ಮೇಲೆ ಬಂದಿದೆ. ಶಿರಾಡಿ ಘಾಟಿ ಎರಡೂ ಕಡೆಯಿಂದ ಬಂದ್. ನಾವು ನಾಳೆ ಬೆಳಗ್ಗೆ ಅದೇ ದಾರೀಲಿ ಇಳಿದು ಗುಂಡ್ಯ ಮೇಲೆ ಕುಕ್ಕೆಗೆ ಹೋಗ್ಬೇಕಿತ್ತು, ಅದು ಆಗಲ್ಲ. ಜೆಸಿಬಿ ಕೆಲಸ ಮಾಡ್ತಾ ಇದೆ ಅಂತ ಹೇಳ್ತಾರೆ, ಆದ್ರೆ ಮಳೆ ನಿಂತಿಲ್ಲ, ತೆಗೆದಷ್ಟೂ ಮೇಲಿಂದ ಇಳೀತಾನೇ ಇರುತ್ತೆ. ಆ ಜಾಗದಲ್ಲಿ ಹೈವೇ ಅಗಲ ಮಾಡೋಕೆ ಗುಡ್ಡನ ನೆಟ್ಟಗೆ ಕಡಿದಿದಾರೆ, ನೀರು ಕುಡಿದ ಕೆಂಪು ಮಣ್ಣಿಗೆ ಕೆಳಗೆ ಆಸರೆನೇ ಇಲ್ಲ. 2022ರಲ್ಲೂ ಹಾಗೇ ಆಯ್ತು, 2024ರಲ್ಲೂ ಆಯ್ತು, ಅದಕ್ಕೇ "ನಾಳೆ ಬೆಳಗ್ಗೆ ಓಪನ್ ಆಗುತ್ತೆ ಸಾರ್" ಅನ್ನೋ ಮಾತನ್ನ ನಂಬಿ ನಿಮ್ಮನ್ನ ಅಲ್ಲಿ ಕ್ಯೂನಲ್ಲಿ ನಿಲ್ಸೋಕೆ ನನಗೆ ಇಷ್ಟ ಇಲ್ಲ.

ಒಂದು ಮಾತು ಮೊದ್ಲೇ ಹೇಳ್ಬಿಡ್ತೀನಿ. ಹಳೇಬೀಡಲ್ಲಿ ನೀವು ದೇವಸ್ಥಾನ ನೋಡ್ತಾ ಇದ್ದಾಗ್ಲೇ, ಸುಮಾರು ನಾಲ್ಕು ಗಂಟೆಗೆ, ನನಗೆ ಫೋನ್ ಬಂತು. ಆಗ್ಲೇ ಹೇಳಿದ್ರೆ ಎಲ್ರೂ ಗಾಬರಿ ಆಗ್ತಾರೆ, ಮೊದ್ಲು ಬೇರೆ ದಾರಿ ವ್ಯವಸ್ಥೆ ಮಾಡ್ಕೊಂಡು ಆಮೇಲೆ ಹೇಳೋಣ ಅಂತ ಸುಮ್ನಿದ್ದೆ. ಈಗ ಅನ್ಸುತ್ತೆ, ಊಟದ ಹೊತ್ತಿಗಾದ್ರೂ ಹೇಳ್ಬೇಕಿತ್ತು, ಮನೆಗೆ ಫೋನ್ ಮಾಡಿ ಮಾತಾಡೋರು ಮಾತಾಡ್ಕೋತಿದ್ರು. ಅದಕ್ಕೆ ಕ್ಷಮಿಸಿ.

ಈಗ ನಾಳೆ ಏನು ಮಾಡ್ತೀವಿ ಅಂದ್ರೆ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ ಮೇಲೆ ಚಾರ್ಮಾಡಿ ಘಾಟಿ ಇಳಿದು ಉಜಿರೆಗೆ ಬಂದು ಸೀದಾ ಧರ್ಮಸ್ಥಳ. ಕುಕ್ಕೆ ನಾಳೆ ಇಲ್ಲ, ಶುಕ್ರವಾರ. ಧರ್ಮಸ್ಥಳದ ರೂಮ್ ನಾಳೆ ರಾತ್ರಿಗೇ ಬುಕ್ ಆಗಿರೋದ್ರಿಂದ ಅದರಲ್ಲಿ ಏನೂ ಬದಲಾವಣೆ ಇಲ್ಲ, ಬರೀ ದಾರಿ ಮತ್ತು ದರ್ಶನದ ಕ್ರಮ ಬದಲಾಗುತ್ತೆ.

ಬೆಳಗ್ಗೆ ಸರಿಯಾಗಿ 6 ಗಂಟೆಗೆ ಗಾಡಿ ಹೊರಡುತ್ತೆ. ಮುಂಚೆ ಎಂಟು ಅಂತ ಹೇಳಿದ್ದೆ, ಈಗ ಆರು. ಯಾಕಂದ್ರೆ ಶಿರಾಡಿ ಬಂದ್ ಆದ್ರೆ ಮಂಗಳೂರು ಕಡೆ ಹೋಗೋ ಕಾರು, ಟಿಟಿ ಎಲ್ಲಾ ಚಾರ್ಮಾಡಿಗೇ ಬರುತ್ತೆ, ಹತ್ತು ಗಂಟೆ ಮೇಲೆ ಆ ಕಿರಿದಾದ ತಿರುವುಗಳಲ್ಲಿ ಒಂದು ಗಾಡಿ ಕೆಟ್ಟು ನಿಂತ್ರೂ ಸಾಕು, ಮುಂದಕ್ಕೂ ಇಲ್ಲ ಹಿಂದಕ್ಕೂ ಇಲ್ಲ. ರೂಮಿಗೆ ಐದು ಗಂಟೆಗೆ ಕಾಫಿ ಟೀ ಬರುತ್ತೆ, ತಿಂಡಿ ಕೊಟ್ಟಿಗೆಹಾರದಲ್ಲಿ. ಅಲ್ಲಿ ಬಿಸಿಬಿಸಿ ನೀರ್ ದೋಸೆ ಸಿಗುತ್ತೆ, ಆ ಚಳಿ ಮಳೇಲಿ ಅದನ್ನ ತಿನ್ನೋದೇ ಒಂದು ಖುಷಿ, ಆದ್ರೆ ಅರ್ಧ ಗಂಟೆಗಿಂತ ಜಾಸ್ತಿ ಕೂರೋ ಹಾಗಿಲ್ಲ. ಹಿಂಗೆ ಹೋದ್ರೆ ಒಂಬತ್ತೂವರೆಗೆ ಘಾಟಿ ಇಳಿಯೋಕೆ ಶುರು ಮಾಡ್ತೀವಿ, ದೇವರು ದೊಡ್ಡೋನು, ಹನ್ನೊಂದೂವರೆ ಹನ್ನೆರಡಕ್ಕೆ ಧರ್ಮಸ್ಥಳದಲ್ಲಿ ಇರ್ತೀವಿ, ದರ್ಶನ ಮಾಡ್ಕೊಂಡು ಅನ್ನಪೂರ್ಣದಲ್ಲಿ ಊಟ.

ಊಟದ ಹೊತ್ತಲ್ಲಿ ಕೆಲವರು ಕೇಳ್ತಾ ಇದ್ರಿ, ರೈಲಲ್ಲಿ ಹೋಗ್ಬಹುದಲ್ವಾ ಅಂತ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ವರೆಗಿನ ಆ 55 ಕಿಲೋಮೀಟರ್, 57 ಸುರಂಗ, ನಿಜಕ್ಕೂ ನೋಡ್ಬೇಕಾದ ದಾರಿ. ಆದ್ರೆ ಅದೂ ಅದೇ ಬೆಟ್ಟದ ಮೇಲೇ ಹೋಗೋದು. 2024ರ ಜುಲೈನಲ್ಲಿ ಎಡಕುಮೇರಿ ಹತ್ರ ಹಳಿ ಕೆಳಗಿನ ಮಣ್ಣೇ ಜಾರಿ ಎಷ್ಟೋ ದಿನ ರೈಲು ನಿಂತಿತ್ತು. ಇಂಥ ಮಳೇಲಿ 26 ಜನಕ್ಕೆ ರಾತ್ರೋರಾತ್ರಿ ಟಿಕೆಟ್ ಮಾಡಿ, ರೈಲು ನಡುದಾರೀಲಿ ನಿಂತ್ರೆ ನಿಮ್ಮ ಹತ್ರ ನಾನು ಬರೋಕೂ ಆಗಲ್ಲ. ಗಾಡಿ ಆದ್ರೆ ನಮ್ಮ ಕೈಲಿರುತ್ತೆ, ಬೇಡ ಅನ್ಸಿದ್ರೆ ವಾಪಸ್ ತಿರುಗಿಸ್ಬಹುದು.

ಬಿಸಿಲೆ ಘಾಟಿ ಬಗ್ಗೆನೂ ಯೋಚಿಸ್ದೆ, ಅದು ಸೀದಾ ಸುಬ್ರಹ್ಮಣ್ಯಕ್ಕೇ ಇಳಿಯುತ್ತೆ, ಮ್ಯಾಪಲ್ಲಿ ನೋಡಿದ್ರೆ ಅದೇ ಹತ್ರ. ಆದ್ರೆ ದಟ್ಟ ಕಾಡು, ಸಣ್ಣ ರಸ್ತೆ, ಬಹಳ ದೂರ ಫೋನ್ ಸಿಗ್ನಲ್ ಇಲ್ಲ, ಮರ ಬಿದ್ರೆ ಯಾರಿಗೂ ಹೇಳೋಕೂ ಆಗಲ್ಲ. ಅದು ಬೇಡ. ನಮ್ಮ ದೊಡ್ಡ ಗಾಡಿ ಡ್ರೈವರ್ ಬಂಟ್ವಾಳದ ಕಡೆಯೋರು, ಈ ಘಾಟಿಗಳಲ್ಲೇ ಓಡ್ಸಿ ಬೆಳೆದೋರು, ಅವರೂ ಅದನ್ನೇ ಹೇಳಿದ್ರು, ಮಳೇಲಿ ಬಿಸಿಲೆ ಬೇಡ ಅಣ್ಣ, ಚಾರ್ಮಾಡಿನೇ ಹಗಲಲ್ಲಿ ಇಳಿಯೋಣ ಅಂತ.

ರಾತ್ರಿ ಚಾರ್ಮಾಡೀಲೂ ಏನಾದ್ರೂ ಆದ್ರೆ? ಅದಕ್ಕೂ ಯೋಚನೆ ಮಾಡಿದೀನಿ. ಬೆಳಗ್ಗೆ ನಾಲ್ಕೂವರೆಗೆ ನಾನು ಕೊಟ್ಟಿಗೆಹಾರ ಚೆಕ್‌ಪೋಸ್ಟ್ ಹತ್ರ ಇರೋ ಪರಿಚಯದೋರಿಗೆ ಫೋನ್ ಮಾಡ್ತೀನಿ, ಐದು ಗಂಟೆಗೆ ಗ್ರೂಪಲ್ಲಿ ಮೆಸೇಜ್ ಬರುತ್ತೆ. ಚಾರ್ಮಾಡಿ ಬಂದ್ ಆಗಿದ್ರೆ ಕುಶಾಲನಗರ, ಮಡಿಕೇರಿ ಮೇಲೆ ಸಂಪಾಜೆ ಇಳಿದು ಸುಳ್ಯಕ್ಕೆ, ಅಲ್ಲಿಂದ ಕುಕ್ಕೆ ಹತ್ರನೇ ಆಗುತ್ತೆ, ಹಾಗಾಗಿ ಆ ದಾರಿ ಹಿಡಿದ್ರೆ ನಾಳೆನೇ ಕುಕ್ಕೆ. ಅದು ದೂರದ ದಾರಿ, ಮಳೇಲಿ ಏಳೆಂಟು ಗಂಟೆ ಬೇಕು. ಎರಡೂ ಬಂದ್ ಅಂದ್ರೆ ನಾವು ಹಾಸನ ಬಿಟ್ಟು ಕದಲೋದೇ ಇಲ್ಲ. ಈ ಹೋಟೆಲ್ಲಲ್ಲೇ ನಾಳೆ ರಾತ್ರಿಗೂ ರೂಮ್ ಹಿಡಿದಿಟ್ಟಿದೀನಿ, ಬೆಳಗ್ಗೆ ಏಳರೊಳಗೆ ಬೇಡ ಅಂತ ಹೇಳಿದ್ರೆ ದುಡ್ಡು ಕೊಡೋ ಹಾಗಿಲ್ಲ, ಬೇಕಾದ್ರೆ ಆ ಖರ್ಚು ನನ್ನದು.

ಆಶ್ಲೇಷಾ ಬಲಿ ಬುಕ್ ಮಾಡಿರೋ ಎರಡು ಕುಟುಂಬದೋರಿಗೆ ಬೇರೆಯಾಗಿ ಹೇಳ್ಬೇಕು. ನಿಮಗೆ ಇದು ಬರೀ ಟೂರ್ ಅಲ್ಲ, ಹರಕೆ ಹೊತ್ಕೊಂಡು ಬಂದಿದೀರ, ಅಮ್ಮ ಒಬ್ರು ಬೆಳಗ್ಗೆ ಬಸ್ಸಲ್ಲೇ ನನಗೆ ಎಲ್ಲಾ ಹೇಳಿದ್ರು, ಅದು ನನ್ನ ತಲೇಲಿ ಇದೆ. ನಾಳೆ ಕುಕ್ಕೆಯಲ್ಲಿ ಸೇವಾ ಕೌಂಟರ್ ತೆಗೆದ ಕೂಡ್ಲೇ ಅಲ್ಲಿರೋ ನಮ್ಮೋರು ಹೋಗಿ ದಿನ ಬದಲಾಯಿಸೋಕೆ ಆಗುತ್ತಾ ಅಂತ ಕೇಳ್ತಾರೆ. ರಶೀದಿ ಫೋಟೋ ಈಗ್ಲೇ ನನಗೆ ಕಳ್ಸಿ, ಒರಿಜಿನಲ್ ಜೋಪಾನ ಇಟ್ಕೊಳ್ಳಿ. ಆಗಲ್ಲ ಅಂದ್ರೆ ಶುಕ್ರವಾರಕ್ಕೆ ಹೊಸದಾಗಿ ಮಾಡಿಸ್ತೀನಿ, ಆ ಸೇವೆ ದುಡ್ಡು ನಾನು ಕೊಡ್ತೀನಿ, ನಿಮ್ಮಿಂದ ಎರಡನೇ ಸಲ ತಗೊಳ್ಳಲ್ಲ. ಸೇವೆ ಮುಗಿಯೋವರೆಗೂ ಉಳಿದೋರು ಕಾಯ್ಬೇಕಾಗುತ್ತೆ, ದಯವಿಟ್ಟು ಯಾರೂ ಅವರನ್ನ ಅವಸರ ಮಾಡ್ಬೇಡಿ.

ಹಂಗಾಗಿ ಶುಕ್ರವಾರ ಬೆಳಗ್ಗೆ ಬೇಗ ಧರ್ಮಸ್ಥಳ ಬಿಟ್ಟು ಕುಕ್ಕೆ, ದರ್ಶನ, ಪ್ರಸಾದ, ಮಧ್ಯಾಹ್ನ ಅಲ್ಲಿಂದ ಉಡುಪಿಗೆ. ಉಡುಪಿ ತಲುಪೋದು ರಾತ್ರಿ ಆಗುತ್ತೆ. ಮಲ್ಪೆ ಬೀಚ್ ಬಿಟ್ಟು ಹೋಗುತ್ತೆ, ಅದು ಮಕ್ಕಳಿಗೆ ಬೇಜಾರಿನ ಸುದ್ದಿ ಅಂತ ಗೊತ್ತು. ಆದ್ರೆ ಈಗ ಸಮುದ್ರಕ್ಕೆ ಇಳಿಯೋಕೆ ಹೇಗೂ ಬಿಡಲ್ಲ, ದ್ವೀಪಕ್ಕೆ ಬೋಟೂ ಮಳೆಗಾಲದಲ್ಲಿ ಇರಲ್ಲ, ದಡದಲ್ಲಿ ನಿಂತು ನೋಡೋದಷ್ಟೇ ಇತ್ತು. ಶನಿವಾರ ಬೆಳಗ್ಗೆ ಕೃಷ್ಣ ಮಠ, ಆಮೇಲೆ ಕೊಲ್ಲೂರು, ಅಲ್ಲಿಂದ ಘಾಟಿ ಹತ್ತಿ ಶಿವಮೊಗ್ಗ ಮೇಲೆ ಬೆಂಗಳೂರು, ಮುಂಚೆ ಹೇಳಿದ ಹಾಗೇ. ಆ ದಾರಿ ಹೇಗಿದೆ ಅಂತ ಶುಕ್ರವಾರ ರಾತ್ರಿ ಉಡುಪೀಲಿ ಎಲ್ರನ್ನೂ ಕೂರಿಸ್ಕೊಂಡು ಹೇಳ್ತೀನಿ, ಈ ಸಲ ಮುಚ್ಚಿಡಲ್ಲ.

ದುಡ್ಡಿನ ವಿಷಯ. ಜಾಸ್ತಿ ಓಡೋ ಕಿಲೋಮೀಟರು, ಡೀಸೆಲ್, ಟೋಲು, ಡ್ರೈವರ್ ಬಾಟಾ, ಯಾವುದಕ್ಕೂ ನಿಮ್ಮಿಂದ ಒಂದು ರೂಪಾಯಿ ಕೇಳಲ್ಲ. ಯಾರಿಗಾದ್ರೂ ಈ ಮಳೇಲಿ ಘಾಟಿ ಬೇಡ, ವಾಪಸ್ ಹೋಗ್ಬೇಕು ಅನ್ಸಿದ್ರೆ, ವಯಸ್ಸಾದೋರು, ಚಿಕ್ಕ ಮಕ್ಕಳು ಇರೋರಿಗೆ ಅನ್ಸಿದ್ರೆ ಅದು ತಪ್ಪಲ್ಲ, ಸಂಕೋಚ ಬೇಡ. ಹಾಸನದಿಂದ ಬೆಂಗಳೂರಿಗೆ ಕೆಎಸ್ಆರ್‌ಟಿಸಿ ಬಸ್ಸು ಬೇಕಾದಷ್ಟಿವೆ, ನಾನೇ ಸ್ಟ್ಯಾಂಡಿಗೆ ಬಿಡಿಸಿ ಟಿಕೆಟ್ ಮಾಡಿಸ್ತೀನಿ, ನೀವು ಕೊಟ್ಟ 11,800ರಲ್ಲಿ ತಲೆಗೆ 7,500 ವಾಪಸ್ ಕೊಡ್ತೀನಿ, ಸೋಮವಾರದೊಳಗೆ ಅಕೌಂಟಿಗೆ ಬರುತ್ತೆ. ಪೂರ್ತಿ ಕೊಡೋಕಾಗಲ್ಲ, ರೂಮು, ಗಾಡಿ ಅಡ್ವಾನ್ಸ್ ಆಗ್ಲೇ ಕಟ್ಟಾಗಿದೆ. ಇವತ್ತು ರಾತ್ರಿ ಹನ್ನೊಂದರೊಳಗೆ ಹೇಳಿದ್ರೆ ಒಳ್ಳೇದು, ಬೆಳಗ್ಗೆ ಹೇಳಿದ್ರೂ ನಡೆಯುತ್ತೆ.

ಇನ್ನು ಕೆಲವು ಸಣ್ಣ ವಿಷಯ. ಘಾಟಿಯಲ್ಲಿ ರಸ್ತೆ ಪಕ್ಕದಲ್ಲೇ ನೀರು ಧುಮುಕ್ತಾ ಇರುತ್ತೆ, ಮಂಜು ಕೈಗೆ ಸಿಗೋ ಹಾಗೆ ಬರುತ್ತೆ, ತುಂಬಾ ಚೆನ್ನಾಗಿರುತ್ತೆ, ಎಲ್ರಿಗೂ ಇಳಿದು ಫೋಟೋ ತೆಗೀಬೇಕು ಅನ್ಸುತ್ತೆ. ನಾಳೆ ಗಾಡಿ ಎಲ್ಲೂ ನಿಲ್ಸಲ್ಲ, ದಯವಿಟ್ಟು ಡ್ರೈವರ್ ಹತ್ರ ಒಂದೇ ನಿಮಿಷ ಅಂತ ಕೇಳ್ಬೇಡಿ. ನಿಲ್ಸಿದ ಜಾಗದ ಮೇಲೆ ಯಾವ ಕಲ್ಲು ಸಡಿಲ ಆಗಿದೆ ಅಂತ ಯಾರಿಗೂ ಗೊತ್ತಿರಲ್ಲ. ಕಿಟಕಿಯಿಂದ ಎಷ್ಟು ಬೇಕಾದ್ರೂ ತೆಗೀರಿ. ತಿರುವುಗಳಲ್ಲಿ ವಾಂತಿ ಆಗೋರು ಹೊರಡೋಕೆ ಮುಂಚೆನೇ ಮಾತ್ರೆ ತಗೊಳ್ಳಿ, ಮುಂದಿನ ಸೀಟ್ ಅವರಿಗೆ ಬಿಟ್ಕೊಡಿ, ನಿಂಬೆಹಣ್ಣು ನನ್ನ ಹತ್ರ ಇದೆ. ಬಿಪಿ, ಶುಗರ್ ಮಾತ್ರೆ, ಒಂದು ಜೊತೆ ಒಣ ಬಟ್ಟೆ, ಗಂಡಸರ ಪಂಚೆ ಶಲ್ಯ ಇವನ್ನ ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಕೈ ಬ್ಯಾಗಲ್ಲೇ ಇಟ್ಕೊಳ್ಳಿ, ದೊಡ್ಡ ಲಗೇಜ್ ಮೇಲೆ ಟಾರ್ಪಾಲ್ ಹಾಕಿ ಕಟ್ಟಿರ್ತೀವಿ, ನಡುವೆ ಬಿಚ್ಚೋಕಾಗಲ್ಲ. ನೇತ್ರಾವತೀಲಿ, ಕುಮಾರಧಾರೇಲಿ ಈಗ ನೀರು ಕೆಂಪಗೆ ಹರೀತಾ ಇರುತ್ತೆ, ಸ್ನಾನಘಟ್ಟದ ಮೆಟ್ಟಿಲಿಗೂ ಇಳಿಯೋದು ಬೇಡ, ದೂರದಿಂದಲೇ ಕೈ ಮುಗಿಯೋಣ, ತೀರ್ಥ ಪ್ರೋಕ್ಷಣೆ ಮಾಡ್ಕೊಂಡ್ರೆ ಸಾಕು.

ಮನೆಯೋರು ಟಿವಿ ನೋಡಿ ಗಾಬರಿ ಆಗಿರ್ತಾರೆ, ಮಲಗೋ ಮುಂಚೆ ಒಂದು ಫೋನ್ ಮಾಡಿ ಹಾಸನದಲ್ಲಿ ಆರಾಮಾಗಿದೀವಿ ಅಂತ ಹೇಳ್ಬಿಡಿ. ಘಾಟಿ ಇಳಿಯುವಾಗ ಒಂದೂವರೆ ಎರಡು ಗಂಟೆ ಸಿಗ್ನಲ್ ಇರಲ್ಲ ಅನ್ನೋದನ್ನೂ ಹೇಳಿ, ಫೋನ್ ಹೋಗ್ಲಿಲ್ಲ ಅಂತ ಅವರು ಹೆದರ್ಕೋಬಾರ್ದು. ಉಜಿರೆ ತಲುಪಿದ ಕೂಡ್ಲೇ ಎಲ್ರೂ ಫೋನ್ ಮಾಡೋಕೆ ಅಂತಾನೇ ಹತ್ತು ನಿಮಿಷ ನಿಲ್ಸ್ತೀನಿ.

ನಾನು ಕೆಳಗೆ ರಿಸೆಪ್ಷನ್ ಹತ್ರನೇ ಕೂತಿದೀನಿ, ರೂಮ್ ನಂಬರ್ 104. ಎಷ್ಟು ಹೊತ್ತಾದ್ರೂ ಪರವಾಗಿಲ್ಲ, ಬಂದು ಕೇಳಿ, ಇಲ್ಲಾ ಇದೇ ನಂಬರಿಗೆ ಕಾಲ್ ಮಾಡಿ. ಓದಿದೋರು ರೂಮ್ ನಂಬರ್ ಹಾಕಿ "ಓದಿದೆ" ಅಂತ ಒಂದು ಮೆಸೇಜ್ ಹಾಕಿ, ಹಾಕದೆ ಇರೋರ ರೂಮಿಗೆ ಹತ್ತೂವರೆಗೆ ನಾನೇ ಬಂದು ಹೇಳ್ತೀನಿ.

ನಿಮ್ಮ
ರಾಘು