ಪಾಠ ಯೋಜನೆ: ಚಹಾ ಮಾಡುತ್ತ ಫ್ಲೋಚಾರ್ಟ್ ಕಲಿಯೋಣ

ತರಗತಿ: 7 (ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಗದಗ ತಾಲ್ಲೂಕು)
ಅವಧಿ: 40 ನಿಮಿಷ
ಸಾಮಗ್ರಿ: ಸೀಮೆಸುಣ್ಣ, ಖಾಲಿ ಬೋಗುಣಿ, ಲೋಟ. ಒಲೆ ಬೇಡ, ನಟನೆ ಸಾಕು.

ಕಲಿಕಾ ಫಲ: ಮಕ್ಕಳು ಒಂದು ಕೆಲಸವನ್ನು ಹಂತಗಳಾಗಿ ಬಿಡಿಸಿ, ಹೌದು-ಇಲ್ಲ ಪ್ರಶ್ನೆ ಬರುವ ಜಾಗವನ್ನು ಗುರುತಿಸಿ, ಹಂತಗಳನ್ನು ಬಾಣಗಳಿಂದ ಜೋಡಿಸಿದ ಚಿತ್ರ, ಅಂದರೆ ಫ್ಲೋಚಾರ್ಟ್, ಬರೆಯುತ್ತಾರೆ.

ಆಕೃತಿಗಳು (5 ನಿಮಿಷ): ಆರಂಭ ಮತ್ತು ಅಂತ್ಯಕ್ಕೆ ಅಂಡಾಕಾರ, ಒಳಬರುವ ಸಾಮಗ್ರಿಗೂ ಹೊರಹೋಗುವ ಫಲಕ್ಕೂ ಸಮಾಂತರ ಚತುರ್ಭುಜ, ಕೆಲಸಕ್ಕೆ ಆಯತ, ಪ್ರಶ್ನೆಗೆ ವಜ್ರಾಕೃತಿ. ಬಾಯಿಪಾಠ ಮಾಡಿಸುವುದು ಬೇಡ, ಬಳಸುತ್ತ ಬರುತ್ತದೆ. ಫ್ಲೋಚಾರ್ಟ್ ಕಂಪ್ಯೂಟರಿನವರ ಆಸ್ತಿಯೇ ಎಂದು ಯಾರಾದರೂ ಕೇಳಿದರೆ, 1921ರಲ್ಲೇ ಅಮೆರಿಕದ ಗಿಲ್‌ಬ್ರೆತ್ ದಂಪತಿ ಕಾರ್ಖಾನೆಯ ಕೆಲಸವನ್ನು ಹೀಗೆ ನಕ್ಷೆಯಾಗಿ ತೋರಿಸಿದ್ದರು ಎಂದು ಹೇಳಬಹುದು.

ಚಟುವಟಿಕೆ (20 ನಿಮಿಷ): ಕೆಳಗಿನದನ್ನು ಆಕೃತಿಗಳ ಸಮೇತ ನೆಲದ ಮೇಲೆ ದೊಡ್ಡದಾಗಿ ಬರೆಯಿರಿ.

```
( ಆರಂಭ )
   ↓
/ ನೀರು, ಹಾಲು, ಚಹಾಪುಡಿ, ಸಕ್ಕರೆ ತೆಗೆದುಕೊ /
   ↓
[ ನೀರನ್ನು ಬೋಗುಣಿಗೆ ಹಾಕಿ ಒಲೆಯ ಮೇಲಿಡು ]
   ↓
[ ಒಂದು ನಿಮಿಷ ಕಾಯಿ ] ←────┐
   ↓                      │
< ನೀರು ಕುದಿಯಿತೇ? > ──ಇಲ್ಲ──┘
   ↓ ಹೌದು
[ ಚಹಾಪುಡಿ, ಹಾಲು ಹಾಕಿ ಕುದಿಸು ]
   ↓
< ಸಕ್ಕರೆ ಬೇಕೇ? > ─ಹೌದು→ [ ಸಕ್ಕರೆ ಹಾಕು ] ─┐
   ↓ ಇಲ್ಲ                                │
[ ಲೋಟಕ್ಕೆ ಸೋಸು ] ←───────────────────────┘
   ↓
/ ಚಹಾ ಕೊಡು /
   ↓
( ಅಂತ್ಯ )
```

ಬೋಗುಣಿ ಹಿಡಿದ ಒಬ್ಬ ವಿದ್ಯಾರ್ಥಿ ಬಾಣದ ಗುರುತಿನಂತೆ ನಡೆಯಲಿ. ಬರೆದದ್ದನ್ನಷ್ಟೇ ಮಾಡಬೇಕು, ಸ್ವಂತ ಬುದ್ಧಿ ಉಪಯೋಗಿಸುವಂತಿಲ್ಲ. ‘ಕುದಿಯಿತೇ?’ ಎಂದು ತರಗತಿ ಕೇಳಿದಾಗಲೆಲ್ಲ ನೀವು ‘ಇಲ್ಲ’ ಎನ್ನಿ. ಮಗು ಸುತ್ತುತ್ತಲೇ ಇರುತ್ತದೆ. ಏಕೆಂದರೆ ‘ಒಲೆ ಹೊತ್ತಿಸು’ ಎಂಬ ಹಂತವನ್ನು ಬೇಕೆಂದೇ ಬಿಟ್ಟಿದ್ದೇವೆ! ಅದನ್ನು ಮಕ್ಕಳೇ ಹುಡುಕಲಿ, ನೀವು ಬಾಯಿ ಬಿಡಬೇಡಿ. ಮನೆಯಲ್ಲಿ ಯಾರೂ ಹೇಳದೆಯೇ ನಡೆಯುವ ಇಂಥ ಹಂತವೇ ಬರೆಯುವಾಗ ತಪ್ಪಿಹೋಗುತ್ತದೆ.

ಆಯತ ಸೇರಿದ ಮೇಲೆ ಇನ್ನೊಂದು ಕೀಟಲೆ ಮಾಡಿ. ‘ಕುದಿಯಿತೇ?’ ಪ್ರಶ್ನೆಯ ‘ಇಲ್ಲ’ ಬಾಣವನ್ನು ಅಳಿಸಿ, ನೀರು ಹಾಕುವ ಹಂತಕ್ಕೆ ಜೋಡಿಸಿ. ಈಗ ಪ್ರತಿ ಸುತ್ತಿಗೂ ಹೊಸ ನೀರು ಬೀಳುತ್ತದೆ, ಬೋಗುಣಿ ಉಕ್ಕಿ ಹರಿಯುತ್ತದೆ. ಬಾಣ ಎಲ್ಲಿಗೆ ಮರಳಬೇಕು ಎಂಬುದು ಈ ಪಾಠದ ಕಠಿಣ ಭಾಗ. ಇಲ್ಲಿ ಸಮಯ ಹೋದರೆ ಹೋಗಲಿ.

ಗುಂಪು ಕೆಲಸ (10 ನಿಮಿಷ): ಶುಂಠಿ ಇದ್ದರೆ ಜಜ್ಜಿ ಹಾಕುವ ಹಂತವನ್ನು ಸೇರಿಸಲಿ. ‘ಎಷ್ಟು ಶುಂಠಿ?’ ಎಂದು ವಜ್ರಾಕೃತಿಯೊಳಗೆ ಬರೆದವರಿಗೆ, ಅದಕ್ಕೆ ಹೌದು-ಇಲ್ಲ ಎಂಬ ಉತ್ತರ ಬರುತ್ತದೆಯೇ ಎಂದು ಕೇಳಿ.

ಮನೆಗೆಲಸ ವಿವರಣೆ (5 ನಿಮಿಷ): ನಳಕ್ಕೆ ನೀರು ಬಂದ ದಿನ ಮನೆಯ ಕೊಡಗಳನ್ನೆಲ್ಲ ತುಂಬಿಸುವ ಫ್ಲೋಚಾರ್ಟ್ ಬರೆದು ತರಲಿ. ನಮ್ಮ ಮಕ್ಕಳಿಗೆ ನೀರು ತುಂಬಿಸುವುದನ್ನು ವಿವರಿಸುವ ಅಗತ್ಯವೇ ಇಲ್ಲ.

ಮೌಲ್ಯಮಾಪನ: ‘ಕೊಡ ತುಂಬಿತೇ?’, ‘ಇನ್ನೂ ಖಾಲಿ ಕೊಡ ಇದೆಯೇ?’ ಎಂಬ ಎರಡು ಪ್ರಶ್ನೆಗಳು ಇರಬೇಕು. ಪ್ರತಿ ವಜ್ರಾಕೃತಿಯಿಂದ ಎರಡು ಬಾಣ ಹೊರಡಬೇಕು. ನಡುವೆಯೇ ನೀರು ನಿಂತುಹೋದರೆ ಏನು ಮಾಡಬೇಕೆಂದು ಮೂರನೆಯ ಪ್ರಶ್ನೆ ಸೇರಿಸಿದವರ ಚಿತ್ರವನ್ನು ಮರುದಿನ ಹಲಗೆಯ ಮೇಲೆ ಅವರಿಂದಲೇ ಬರೆಸಿ.