ಸೋಮವಾರದ ಪೇಪರ್‌ಗೆ: ಮೂಲಭೂತ ಹಕ್ಕು, ನಿರ್ದೇಶಕ ತತ್ವ, ಪ್ರಶ್ನೆ ಉತ್ತರ

ಬನಹಟ್ಟಿ, ಮುಧೋಳ, ತೇರದಾಳ ಕಡಿಂದ ಜಮಖಂಡಿಗೆ ಬರೋ ನಮ್ಮ ಬಿಎ ಹುಡುಗ್ರು ಹುಡುಗ್ಯಾರಿಗೆ ಇದು, ಬಸ್ಸಿನ್ಯಾಗ ಕುಂತು ಓದಾಕ ಆಗ್ಲಿ ಅಂತ ಟೈಪ್ ಮಾಡೀನಿ. ಇಡೀ ಸಿಲಬಸ್ ಇಲ್ಲಿ ಇಲ್ಲ, ಇಂಟರ್ನಲ್ ಪೇಪರ್ ತಿದ್ದುವಾಗ ನೀವು ಎಲ್ಲೆಲ್ಲಿ ಎಡವೀರಿ ಅಂತ ನೋಡೀನಿ, ಅದನ್ನಷ್ಟ ಹಿಡ್ದೀನಿ. ನಾ ಮಾತಾಡಿದಂಗ ಬರ್ದೀನಿ, ನೀವು ಪೇಪರ್‌ನ್ಯಾಗ ಹಿಂಗ ಬರೀಬ್ಯಾಡ್ರಿ, ಗ್ರಾಂಥಿಕ ಕನ್ನಡದಾಗ ಬರೀರಿ.

ಪ್ರ 1. ಇವೆರಡೂ ಸಂವಿಧಾನದಾಗ ಎಲ್ಲಿ ಬರ್ತಾವ? ಯಾವ ದೇಶದಿಂದ ತಗೊಂಡಾರ?

ಉ. ಮೂಲಭೂತ ಹಕ್ಕು 3ನೇ ಭಾಗ, 12ರಿಂದ 35ನೇ ವಿಧಿ, ಅಮೆರಿಕದ ಪ್ರಭಾವ. ರಾಜ್ಯನೀತಿ ನಿರ್ದೇಶಕ ತತ್ವ 4ನೇ ಭಾಗ, 36ರಿಂದ 51, ಐರ್ಲೆಂಡಿನಿಂದ ಬಂದದ್ದು. ಒಂದು ಮಾರ್ಕಿನ ಪ್ರಶ್ನೆ, ಮುಂದ ನಡೀರಿ.

ಪ್ರ 2. ಮೂಲಭೂತ ಹಕ್ಕು ಆರೋ ಏಳೋ? ಆಸ್ತಿ ಹಕ್ಕಿಗೆ ಏನಾತು?

ಉ. ಈಗ ಆರು. ಮೊದ್ಲ ಏಳಿದ್ವು, 1978ರ 44ನೇ ತಿದ್ದುಪಡಿಯೊಳಗ ಆಸ್ತಿ ಹಕ್ಕನ್ನ ಅಲ್ಲಿಂದ ಎತ್ತಿ 300ಎ ವಿಧಿಗೆ ಹಾಕಿದ್ರು. ಅರ್ಧಾ ಕ್ಲಾಸು "ಆಸ್ತಿ ಹಕ್ಕು ರದ್ದಾತು" ಅಂತ ಬರದಾರ, ಅದು ತಪ್ಪು. ರದ್ದಾಗಿಲ್ಲ, ಮೂಲಭೂತ ಹಕ್ಕು ಅನ್ನೂದು ಹೋಗಿ ಕಾನೂನಾತ್ಮಕ ಹಕ್ಕು ಆತು. ಏನು ಫರಕು ಅಂದ್ರ, ನಮ್ಮ ಬಾಗಲಕೋಟಿ ಮಂದಿಗೆ ಹೇಳೂದೇ ಬ್ಯಾಡ, ಆಲಮಟ್ಟಿ ಹಿನ್ನೀರಿಗೆ ಹೊಲಾ ಮನಿ ಮುಳುಗಡೆ ಆದವ್ರು ಪ್ರತಿ ಊರಾಗ ಅದಾರ. ಸರ್ಕಾರ ಕಾನೂನಿನ ಆಧಾರ ಇಲ್ದ ಯಾರ ಹೊಲಾನೂ ಕಸಗೊಳ್ಳಾಕ ಬರೂದಿಲ್ಲ, ಅದು 300ಎ. ಆದ್ರ ಬರೇ ಆಸ್ತಿ ಹಕ್ಕು ಹೋತು ಅಂತ 32ನೇ ವಿಧಿ ಹಿಡ್ಕೊಂಡು ಸೀದಾ ಸುಪ್ರೀಂ ಕೋರ್ಟಿಗೆ ಹೋಗಾಕ ಆಗೂದಿಲ್ಲ, ಯಾಕಂದ್ರ 32 ಇರೂದು ಮೂಲಭೂತ ಹಕ್ಕಿಗೆ ಮಾತ್ರ. 226ರ ಕೆಳಗ ಹೈಕೋರ್ಟಿಗೆ ಹೋಗಬಹುದು. ಇಷ್ಟು ಬರದ್ರ ನಿಮ್ಗ ತಿಳದೈತಿ ಅಂತ ಪೇಪರ್ ತಿದ್ದವ್ರಿಗೆ ಗೊತ್ತಾಗ್ತೈತಿ.

ಪ್ರ 3. ಸಮಾನತೆ ಹಕ್ಕಿನ ವಿಧಿಗಳು ಯಾವವು?

ಉ. 14 ಕಾನೂನಿನ ಮುಂದ ಎಲ್ಲಾರೂ ಒಂದೇ, 15 ಧರ್ಮ ಜನಾಂಗ ಜಾತಿ ಲಿಂಗ ಹುಟ್ಟಿದ ಜಾಗಾ ನೋಡಿ ಭೇದ ಮಾಡಬಾರ್ದು, 16 ಸರ್ಕಾರಿ ನೌಕರಿಯಾಗ ಸಮಾನ ಅವಕಾಶ, 17 ಅಸ್ಪೃಶ್ಯತೆ ನಿಷೇಧ, 18 ಬಿರುದು ರದ್ದು. 17ರ ವಿಶೇಷ ಮಾತ್ರ ನೆನಪಿಡ್ರಿ: ಹೆಚ್ಚಿನ ಹಕ್ಕು ಸರ್ಕಾರದ ವಿರುದ್ಧ ಇರ್ತಾವ, ಇದು ನೆರೆಮನಿಯವನ ವಿರುದ್ಧಾನೂ ನಡೀತೈತಿ. ಹೋಟೆಲ್‌ನ್ಯಾಗ ಚಾ ಕಪ್ ಬ್ಯಾರೆ ಇಟ್ಟವನೂ, ಕೆರಿ ನೀರು ಮುಟ್ಟಬ್ಯಾಡ ಅಂದವನೂ ಅಪರಾಧಿನ. ಅದಕ್ಕ 1955ರ ಕಾಯ್ದೆ ಐತಿ, 1989ರ ದೌರ್ಜನ್ಯ ತಡೆ ಕಾಯ್ದೆನೂ ಐತಿ.

ಪ್ರ 4. 21ನೇ ವಿಧಿ ಹೆಂಗ ಬೆಳೀತು?

ಉ. ವಿಧಿ ನೋಡಿದ್ರ ಒಂದೇ ಸಾಲು, ಕಾನೂನು ಹೇಳಿದ ಕ್ರಮ ಬಿಟ್ಟು ಯಾರ ಜೀವಾನೂ ಸ್ವಾತಂತ್ರ್ಯಾನೂ ಕಸಗೊಳ್ಳಬಾರ್ದು ಅಂತ. 1950ರ ಗೋಪಾಲನ್ ಕೇಸಿನ್ಯಾಗ ಕೋರ್ಟು ಅದನ್ನ ಭಾಳ ಬಿಗಿ ಹಿಡೀತು, ಕಾನೂನು ಇದ್ರ ಸಾಕು, ಅದು ನ್ಯಾಯನೋ ಅನ್ಯಾಯನೋ ನಾವು ನೋಡೂದಿಲ್ಲ ಅನ್ನೋ ಹಂಗ. 1978ರಾಗ ಮೇನಕಾ ಗಾಂಧಿ ಅವರ ಪಾಸ್‌ಪೋರ್ಟ್ ಕೇಸು ಬಂತು, ಕ್ರಮ ಅನ್ನೂದು ನ್ಯಾಯವಾಗಿರಬೇಕು, ಮನಸ್ಸಿಗೆ ಬಂದಂಗ ಇರಬಾರ್ದು ಅಂತ ಅಂದ್ರು, ಅಲ್ಲಿಂದ ಬಾಗಿಲು ತೆರೀತು ನೋಡ್ರಿ. 2017ರಾಗ 9 ಜನ ನ್ಯಾಯಮೂರ್ತಿಗಳ ಪೀಠ ಖಾಸಗಿತನಾನೂ ಮೂಲಭೂತ ಹಕ್ಕು ಅಂತ ಹೇಳ್ತು. ಆ ಕೇಸಿನ ಅರ್ಜಿದಾರರು ಕೆ.ಎಸ್. ಪುಟ್ಟಸ್ವಾಮಿ, ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಮೂರು ಕೇಸು, ಮೂರು ವರ್ಷ, ಇದ್ರಾಗ ಐದು ಮಾರ್ಕಿನ ಉತ್ತರ ಮುಗೀತು.

ಪ್ರ 5. ಶೋಷಣೆ ವಿರುದ್ಧದ ಹಕ್ಕಿಗೆ ಉದಾಹರಣೆ ಕೊಡ್ರಿ.

ಉ. 23 ಮತ್ತ 24. ಗೈಡ್ ನೋಡಿ ಎಲ್ಲಾರೂ "ಜೀತ ಪದ್ಧತಿ" ಅಂತ ಬರದು ಕೈ ತೊಳಕೊಂತಾರ. ಸುತ್ತಮುತ್ತ ನೋಡ್ರಪ್ಪಾ. 1982ರಾಗ ಏಷ್ಯಾಡ್ ಕೂಲಿಕಾರರ ಕೇಸಿನ್ಯಾಗ ಸುಪ್ರೀಂ ಕೋರ್ಟು ಏನ್ ಹೇಳ್ತು ಅಂದ್ರ, ಕನಿಷ್ಠ ಕೂಲಿಗಿಂತ ಕಡಿಮಿ ಕೊಟ್ಟು ದುಡಿಸಿಕೊಂಡ್ರೂ ಅದು ಬಲವಂತದ ದುಡಿಮಿನ, ಯಾಕಂದ್ರ ಹಸಿವಿನ ಒತ್ತಾಯಾನೂ ಒತ್ತಾಯಾನ. ಈಗ ಕಬ್ಬು ಕಡಿಯೋ ಗ್ಯಾಂಗಿನವ್ರು ಮುಂಗಡ ತಗೊಂಡು ಸೀಸನ್ ಮುಗಿಯೋತನ ಬಿಡಿಸಿಕೊಳ್ಳಾಕ ಆಗ್ದ ಇದ್ರ ಅಲ್ಲಿ 23ನೇ ವಿಧಿ ಪ್ರಶ್ನೆ ಬರ್ತೈತೋ ಇಲ್ಲೋ, ನೀವ ಯೋಚಿಸ್ರಿ. ಇನ್ನೊಂದು ಸವದತ್ತಿ ಕಡೆದ್ದು, ದೇವದಾಸಿ ಬಿಡೂದನ್ನ ಕರ್ನಾಟಕದಾಗ 1982ರ ಕಾಯ್ದೆ ನಿಷೇಧ ಮಾಡೇತಿ. 24ನೇ ವಿಧಿ 14 ವರ್ಷದೊಳಗಿನ ಮಕ್ಕಳನ್ನ ಕಾರ್ಖಾನಿ, ಗಣಿ, ಅಪಾಯದ ಕೆಲಸಕ್ಕ ಹಚ್ಚಬಾರ್ದು ಅಂತೈತಿ.

ಪ್ರ 6. ಅಲ್ಪಸಂಖ್ಯಾತರು ಅಂದ್ರ ಧರ್ಮದವ್ರು ಮಾತ್ರ ಅಲ್ಲೇನ್ರಿ ಸರ್?

ಉ. ಅಲ್ಲ, ಭಾಷಾ ಅಲ್ಪಸಂಖ್ಯಾತರೂ ಅದಾರ. ಬೆಳಗಾವಿಯಾಗ ಮರಾಠಿ ಸಾಲಿ ನಡೆಸೋ ಸಂಸ್ಥಾದವ್ರು 30ನೇ ವಿಧಿ ಹಕ್ಕು ಕೇಳಬಹುದು, ಯಾಕಂದ್ರ ಅಲ್ಪಸಂಖ್ಯಾತ ಯಾರು ಅನ್ನೂದನ್ನ ರಾಜ್ಯ ಲೆಕ್ಕಕ್ಕ ಹಿಡಿದು ನೋಡಬೇಕು ಅಂತ 2002ರ ಟಿ.ಎಂ.ಎ. ಪೈ ತೀರ್ಪು ಐತಿ. ಸೊಲ್ಲಾಪುರದಾಗಿನ ಕನ್ನಡ ಸಾಲಿಗೂ ಇದೇ ಮಾತು, ಅಲ್ಲಿ ಅವ್ರು ಅಲ್ಪಸಂಖ್ಯಾತರು. ಗಡಿ ಜಗಳದ ಬಗ್ಗೆ ನಿಮ್ಮ ಅಭಿಪ್ರಾಯ ಪೇಪರ್‌ನ್ಯಾಗ ಬರೀಬ್ಯಾಡ್ರಿ, ಹೋದ ಸಲ ಒಬ್ಬ ಎರಡು ಪುಟ ಬರದಿದ್ದ.

ಪ್ರ 7. 32ನೇ ವಿಧಿ ಯಾಕ ದೊಡ್ಡದು? ರಿಟ್ ಎಷ್ಟು?

ಉ. ಹಕ್ಕು ಬರದು ಇಟ್ರ ಆಗೂದಿಲ್ಲ, ಯಾರರ ಕಸಗೊಂಡಾಗ ಕೇಳಾಕ ಜಾಗಾ ಬೇಕು, ಆ ಜಾಗಾನ 32. ಅಂಬೇಡ್ಕರ್ ಇದನ್ನ ಸಂವಿಧಾನದ ಹೃದಯ ಮತ್ತು ಆತ್ಮ ಅಂದ್ರು. ರಿಟ್ ಐದು: ಅಕ್ರಮವಾಗಿ ಕೂಡಿ ಹಾಕಿದವ್ರನ್ನ ಕೋರ್ಟಿನ ಮುಂದ ತರ್ರಿ ಅನ್ನೋ ಹೇಬಿಯಸ್ ಕಾರ್ಪಸ್, ಅಧಿಕಾರಿಗೆ ನಿನ್ನ ಕರ್ತವ್ಯ ಮಾಡು ಅನ್ನೋ ಮ್ಯಾಂಡಮಸ್, ಕೆಳಗಿನ ಕೋರ್ಟಿಗೆ ನಿನ್ನ ವ್ಯಾಪ್ತಿ ಮೀರಬ್ಯಾಡ ಅನ್ನೋ ಪ್ರೊಹಿಬಿಷನ್, ಮೀರಿ ಕೊಟ್ಟ ಆದೇಶ ರದ್ದು ಮಾಡೋ ಸರ್ಷಿಯೊರರಿ, ಈ ಕುರ್ಚಿಯಾಗ ಯಾವ ಅಧಿಕಾರದಿಂದ ಕುಂತೀ ಅಂತ ಕೇಳೋ ಕೋ ವಾರಂಟೊ. ಪ್ರೊಹಿಬಿಷನ್ ಕೆಲಸ ನಡದಾಗ, ಸರ್ಷಿಯೊರರಿ ಆದೇಶ ಬಂದ ಮ್ಯಾಲೂ, ಅಷ್ಟ ವ್ಯತ್ಯಾಸ.

ಹೈಕೋರ್ಟಿನ 226 ಇನ್ನೂ ಅಗಲ, ಮೂಲಭೂತ ಹಕ್ಕು ಬಿಟ್ಟು ಬ್ಯಾರೆ ಕಾನೂನಿನ ಹಕ್ಕಿಗೂ ನಡೀತೈತಿ. ಬೆಳಗಾವಿ, ಬಾಗಲಕೋಟಿಯವ್ರು ಇದಕ್ಕ ಧಾರವಾಡ ಪೀಠಕ್ಕ ಹೋಗ್ಬೇಕು, ವಿಜಯಪುರದವ್ರು ಕಲಬುರಗಿ ಪೀಠಕ್ಕ. ಪರೀಕ್ಷಾಕ್ಕ ಇದು ಬರೂದಿಲ್ಲ, ಆದ್ರ ಗೊತ್ತಿರಲಿ.

ಪ್ರ 8. ತುರ್ತು ಪರಿಸ್ಥಿತಿಯಾಗ ಎಲ್ಲಾ ಹಕ್ಕು ಹೋಗ್ತಾವೇನು?

ಉ. ಇಲ್ಲ. 44ನೇ ತಿದ್ದುಪಡಿ ಆದ ಮ್ಯಾಲ 20 ಮತ್ತ 21ನ್ನ ಯಾವಾಗೂ ಅಮಾನತು ಮಾಡಾಕ ಬರೂದಿಲ್ಲ. 19 ತಾನಾಗೇ ನಿಲ್ಲೂದು ಯುದ್ಧ ಅಥವಾ ಹೊರಗಿನ ಆಕ್ರಮಣ ಆದಾಗ ಮಾತ್ರ, ಸಶಸ್ತ್ರ ದಂಗೆಗೆ ಅಲ್ಲ.

ಪ್ರ 9. ನಿರ್ದೇಶಕ ತತ್ವಕ್ಕ ಕೋರ್ಟಿನ ಬಲ ಇಲ್ಲ ಅಂದ್ರ ಅದು ಯಾತಕ್ಕ ಬೇಕು?

ಉ. 37ನೇ ವಿಧಿ ಎರಡು ಮಾತು ಹೇಳ್ತೈತಿ, ನೀವು ಒಂದ ಬರೀತೀರಿ. ಮೊದಲನೇದು, ಕೋರ್ಟಿನ ಮೂಲಕ ಜಾರಿ ಮಾಡಿಸಾಕ ಬರೂದಿಲ್ಲ. ಎರಡನೇದು, ದೇಶದ ಆಡಳಿತಕ್ಕ ಇವು ಮೂಲಭೂತ, ಕಾನೂನು ಮಾಡುವಾಗ ಅನ್ವಯಿಸೂದು ರಾಜ್ಯದ ಕರ್ತವ್ಯ. ಸಂವಿಧಾನ ಸಭೆಯೊಳಗ ಕೆ.ಟಿ. ಷಾ ಇದನ್ನ ಬ್ಯಾಂಕಿಗೆ ರೊಕ್ಕ ಬಂದಾಗ ಮಾತ್ರ ಕೊಡೋ ಚೆಕ್ಕು ಅಂತ ಚುಚ್ಚಿದ್ರು. ಟೀಕೆ ಬರೀರಿ ಅಂದಾಗ ಆ ಮಾತು ಬಳಸ್ರಿ. ಆದ್ರ ಚೆಕ್ಕು ಎಷ್ಟೋ ಸಲ ಪಾಸ್ ಆಗೇತಿ. 40ನೇ ವಿಧಿಯ ಗ್ರಾಮ ಪಂಚಾಯ್ತಿ 73ನೇ ತಿದ್ದುಪಡಿ ಆಗಿ ಬಂತು, 39ಎ ಉಚಿತ ಕಾನೂನು ನೆರವು 1987ರ ಕಾಯ್ದೆ ಆತು, 49ರ ಸ್ಮಾರಕ ರಕ್ಷಣೆ ಅಂದ್ರ ಗೋಳಗುಮ್ಮಟ, ಪಟ್ಟದಕಲ್ಲು ಅಂತ ಊರ ಕಡೆ ಉದಾಹರಣೆ ಕೊಡ್ರಿ.

ಶಿಕ್ಷಣದ ಕಥಿ ಎಲ್ಲಾಕ್ಕಿಂತ ಚೊಲೋ ಐತಿ. 45ನೇ ವಿಧಿ 14 ವರ್ಷದತನ ಉಚಿತ ಶಿಕ್ಷಣ ಅಂತ ಹತ್ತು ವರ್ಷದ ಗಡುವು ಕೊಟ್ಟಿತ್ತು, ಗಡುವು ಯಾವಾಗ ದಾಟಿತೋ ದಾಟಿತು. 1992ರಾಗ ಮೋಹಿನಿ ಜೈನ್ ಕೇಸು, ಕರ್ನಾಟಕದ ಮೆಡಿಕಲ್ ಕಾಲೇಜಿನ ಕ್ಯಾಪಿಟೇಷನ್ ಫೀ ವಿಷಯ, ಶಿಕ್ಷಣ ಮೂಲಭೂತ ಹಕ್ಕು ಅಂತ ಕೋರ್ಟು ಹೇಳ್ತು. ಮರುವರ್ಷ ಉನ್ನಿಕೃಷ್ಣನ್ ಕೇಸಿನ್ಯಾಗ ಅದನ್ನ 14 ವರ್ಷಕ್ಕ ಸೀಮಿತ ಮಾಡಿದ್ರು. 2002ರ 86ನೇ ತಿದ್ದುಪಡಿ 21ಎ ತಂತು, 6ರಿಂದ 14 ವರ್ಷದ ಮಕ್ಕಳಿಗೆ. 2009ರ ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿ. ಈಗಿನ 45 ಆರು ವರ್ಷದೊಳಗಿನ ಮಕ್ಕಳದ್ದು, ಹಳೇ ಗೈಡ್ ನೋಡಿ ಮೋಸ ಹೋಗಬ್ಯಾಡ್ರಿ.

ಪ್ರ 10. ಹಕ್ಕು ಮತ್ತು ತತ್ವಗಳ ಸಂಘರ್ಷ ವಿವರಿಸಿ. (10 ಅಂಕ)

ಉ. ಇದು ಬಂದೇ ಬರ್ತೈತಿ ಅಂತ ನನ್ನ ಲೆಕ್ಕ. ಬರೇ ಕೇಸಿನ ಹೆಸರು ಉದುರಿಸಬ್ಯಾಡ್ರಿ, ಯಾರು ಏನ್ ಕೇಳಿದ್ರು ಅನ್ನೂದು ಬರೀರಿ.

1951, ಚಂಪಕಂ ದೊರೈರಾಜನ್. ಮದ್ರಾಸ್ ಸರ್ಕಾರ ಮೆಡಿಕಲ್, ಎಂಜಿನಿಯರಿಂಗ್ ಸೀಟು ಜಾತಿವಾರು ಹಂಚಿತ್ತು, 46ನೇ ವಿಧಿ ಪ್ರಕಾರ ಹಿಂದುಳಿದವ್ರಿಗೆ ಮಾಡೀವಿ ಅಂತು. ಕೋರ್ಟು ಹಕ್ಕು ಮೇಲು, ತತ್ವ ಅದರ ಕೆಳಗ ಅಂತು. ಸಂಸತ್ತು ಸುಮ್ನ ಕುಂದ್ರಲಿಲ್ಲ, ಅದೇ ವರ್ಷ ಮೊದಲನೇ ತಿದ್ದುಪಡಿ ಮಾಡಿ 15(4) ಸೇರಿಸಿತು. ಇವತ್ತು ಮೀಸಲಾತಿ ಸೀಟು ಸಿಗೂದು ಆ ಜಗಳದಿಂದ.

1967, ಗೋಲಕನಾಥ್, ಪಂಜಾಬಿನ ಒಂದು ಮನಿತನದ ಹೊಲದ ವ್ಯಾಜ್ಯ. 11 ಜನರ ಪೀಠ, 6-5, ಸಂಸತ್ತು ಮೂಲಭೂತ ಹಕ್ಕಿಗೆ ಕೈ ಹಚ್ಚಬಾರ್ದು ಅಂತ ಆತು. ಸಂಸತ್ತು 1971ರಾಗ ಎರಡು ತಿದ್ದುಪಡಿ ತಂತು, 24ನೇದು ತಿದ್ದೋ ಅಧಿಕಾರ ಐತಿ ಅಂತು, 25ನೇದು 31ಸಿ ಸೇರಿಸಿತು: ಸಮುದಾಯದ ಸಂಪನ್ಮೂಲ ಎಲ್ಲಾರ ಒಳಿತಿಗೆ ಹಂಚ್ರಿ ಅನ್ನೋ 39(ಬಿ), ಸಂಪತ್ತು ಕೆಲವ್ರ ಕೈಯಾಗ ಕೂಡಬಾರ್ದು ಅನ್ನೋ 39(ಸಿ) ಸಲುವಾಗಿ ಮಾಡಿದ ಕಾನೂನನ್ನ 14, 19ಕ್ಕ ವಿರುದ್ಧ ಅಂತ ರದ್ದು ಮಾಡಾಕ ಬರೂದಿಲ್ಲ.

1973, ಕೇಶವಾನಂದ ಭಾರತಿ. ಇವ್ರು ಕಾಸರಗೋಡಿನ ಎಡನೀರು ಮಠದ ಸ್ವಾಮಿಗಳು, ಕೇರಳದ ಭೂಸುಧಾರಣೆ ವಿರುದ್ಧ ಬಂದವ್ರು. 13 ನ್ಯಾಯಮೂರ್ತಿಗಳು, 7-6. ಯಾವ ಭಾಗಾನಾದ್ರೂ ತಿದ್ರಿ, ಮೂಲ ರಚನೆ ಕೆಡಿಸಬ್ಯಾಡ್ರಿ. 31ಸಿಯ ಮೊದಲನೇ ಅರ್ಧ ಉಳೀತು, ಕೋರ್ಟು ನೋಡಾಕ ಬರೂದಿಲ್ಲ ಅನ್ನೋ ಅರ್ಧ ಬಿತ್ತು.

1976ರ 42ನೇ ತಿದ್ದುಪಡಿ ಎಲ್ಲಾ ತತ್ವಕ್ಕೂ 31ಸಿ ರಕ್ಷಣೆ ಹಿಗ್ಗಿಸಿತು. 1980ರಾಗ ಮಿನರ್ವಾ ಮಿಲ್ಸ್, ಬೆಂಗಳೂರಿನ ಬಟ್ಟಿ ಗಿರಣಿ ಕೇಸು, ಆ ಹಿಗ್ಗಿಸಿದ್ದನ್ನ ಹೊಡದು ಹಾಕಿತು. 3ನೇ ಭಾಗ 4ನೇ ಭಾಗ ರಥದ ಎರಡು ಗಾಲಿ ಅಂತ ಆ ತೀರ್ಪಿನ್ಯಾಗ ಐತಿ, ಚಕ್ಕಡಿ ಹೂಡಿದವ್ರ ಮಕ್ಕಳಿಗೆ ನಾ ಬಿಡಿಸಿ ಹೇಳಬೇಕಿಲ್ಲ, ಒಂದು ಗಾಲಿ ಸಣ್ಣದಾದ್ರ ಬಂಡಿ ಸುತ್ತು ಹೊಡೀತೈತಿ, ಮುಂದ ಹೋಗೂದಿಲ್ಲ. ಈಗ ರಕ್ಷಣೆ ಇರೂದು ಮತ್ತ 39(ಬಿ), (ಸಿ)ಗೆ ಮಾತ್ರ, 2024ರ ನವೆಂಬರ್‌ದಾಗ 9 ಜನರ ಪೀಠಾನೂ ಅದನ್ನ ಎತ್ತಿ ಹಿಡೀತು, ಜೊತಿಗೆ ಎಲ್ಲಾ ಖಾಸಗಿ ಆಸ್ತಿನೂ ಸಮುದಾಯದ ಸಂಪನ್ಮೂಲ ಆಗೂದಿಲ್ಲ ಅಂತೂ ಹೇಳ್ತು. ಕೊನೇ ಸಾಲು ಯಾವ ಗೈಡಿನ್ಯಾಗೂ ಇನ್ನೂ ಬಂದಂಗಿಲ್ಲ, ನೀವು ಬರೀರಿ.

ಪ್ರ 11. ಒಂದು ಮಾರ್ಕಿನವು, ಗಡಿಬಿಡಿ ಆಗೂವು.

ಉ. 48 ಕೃಷಿ, ಪಶುಪಾಲನೆ, ಗೋರಕ್ಷಣೆ, 48ಎ ಪರಿಸರ. 44 ಏಕರೂಪ ನಾಗರಿಕ ಸಂಹಿತೆ. 44ನೇ ತಿದ್ದುಪಡಿ ಆಸ್ತಿ ಹಕ್ಕು, ಎರಡೂ ಒಂದೇ ಅಂತ ಮೂರು ಮಂದಿ ಬರದಾರ. 43ಬಿ ಸಹಕಾರ ಸಂಘ, 97ನೇ ತಿದ್ದುಪಡಿ, 2011. 50 ನ್ಯಾಯಾಂಗ ಕಾರ್ಯಾಂಗ ಬ್ಯಾರೆ ಮಾಡೂದು. 51 ಅಂತಾರಾಷ್ಟ್ರೀಯ ಶಾಂತಿ. 51ಎ ಮೂಲಭೂತ ಕರ್ತವ್ಯ, ಅದು 4ನೇ ಭಾಗ ಅಲ್ಲ, 4ಎ. ವಿದೇಶಿಯವ್ರಿಗೆ ಇಲ್ದ ಹಕ್ಕು 15, 16, 19, 29, 30. ಡೌಟ್ ಇದ್ದವ್ರು ಶನಿವಾರ ಹನ್ನೊಂದಕ್ಕ ಲೈಬ್ರರಿಗೆ ಬರ್ರಿ, ನಾ ಎರಡರತನ ಇರ್ತೀನಿ.